ನನ್ನ ಹೆಸರಿನಲ್ಲಿರುವ ನಕಲಿ ಖಾತೆ: ಸವಿತಾ ಅವರ ಪ್ರಶ್ನೆಗೆ ಉತ್ತರ

ಸವಿತಾ ಅವರೇ ಹಾಗೂ ಈ ಗುಂಪಿನ ಎಲ್ಲ ಸಹಪಾಠಿಗಳೇ,

“ಹೊಸ ಖಾತೆ ತೆರೆದಿದ್ದೀರಾ?” ಎಂದು ನಿನ್ನೆ ರಾತ್ರಿ ಇಲ್ಲಿ ಕೇಳಿ ಒಳ್ಳೆಯದು ಮಾಡಿದಿರಿ. ಇಲ್ಲ, ನಾನು ತೆರೆದಿಲ್ಲ. ಫೇಸ್‌ಬುಕ್‌ನಲ್ಲಿ ನನಗಿರುವುದು ಒಂದೇ ಖಾತೆ, ನಿಮ್ಮಲ್ಲಿ ಬಹುತೇಕರು ಹತ್ತು ವರ್ಷಗಳಿಂದ ಸ್ನೇಹಿತರಾಗಿರುವ ಅದೇ ಹಳೆಯ ಖಾತೆ. ಈ ವಾರ ನನ್ನ ಹೆಸರು ಮತ್ತು ಭಾವಚಿತ್ರದೊಂದಿಗೆ ನಿಮಗೆ ಬಂದಿರುವ ಸ್ನೇಹದ ಕೋರಿಕೆಯನ್ನು ಕಳುಹಿಸಿದವನು ನಾನಲ್ಲ. ದಯವಿಟ್ಟು ಅದನ್ನು ಸ್ವೀಕರಿಸಬೇಡಿ. ಈಗಾಗಲೇ ಸ್ವೀಕರಿಸಿದ್ದರೆ ಸಂಕೋಚ ಬೇಡ, ಸ್ನೇಹಿತರ ಪಟ್ಟಿಯಿಂದ ತೆಗೆದುಬಿಡಿ. ನನ್ನ ಸ್ವಂತ ಅಣ್ಣನೇ ಅದನ್ನು ಸ್ವೀಕರಿಸಿ, ಎರಡು ದಿನ ಅದರೊಂದಿಗೆ ಕ್ಷೇಮಸಮಾಚಾರ ಮಾತಾಡಿದ್ದಾನೆ.

ಒಂದು ವಿಷಯ ಸ್ಪಷ್ಟಪಡಿಸಬೇಕು. ನನ್ನ ಖಾತೆಗೆ ಯಾರೂ ನುಗ್ಗಿಲ್ಲ. ಲಾಗಿನ್ ಆಗಿರುವ ಸಾಧನಗಳ ಪಟ್ಟಿಯನ್ನು ನೋಡಿದ್ದೇನೆ, ಅಲ್ಲಿರುವುದು ನನ್ನ ಫೋನು ಮತ್ತು ಲ್ಯಾಪ್‌ಟಾಪ್ ಮಾತ್ರ. ಯಾರೋ ನನ್ನ ಪುಟದಲ್ಲಿ ಎಲ್ಲರಿಗೂ ಕಾಣುವಂತಿದ್ದ ಮೂರು ವರ್ಷ ಹಳೆಯ ಫೋಟೋವನ್ನು ಇಳಿಸಿಕೊಂಡು, ಅದೇ ಹೆಸರಿನಲ್ಲಿ ಬೇರೊಂದು ಖಾತೆ ತೆರೆದು, ನನ್ನ ಸ್ನೇಹಿತರ ಪಟ್ಟಿಯನ್ನು ನೋಡಿ ಒಬ್ಬೊಬ್ಬರಿಗೂ ಕೋರಿಕೆ ಕಳುಹಿಸುತ್ತಿದ್ದಾರೆ. ಆ ಪಟ್ಟಿಯನ್ನು ತೆರೆದಿಟ್ಟಿದ್ದು ನನ್ನದೇ ಅಜಾಗರೂಕತೆ. ಈಗ ಅದು ನನಗೊಬ್ಬನಿಗೇ ಕಾಣುವಂತೆ ಬದಲಾಯಿಸಿದ್ದೇನೆ. ಆ ಖಾತೆ ನನ್ನನ್ನು ಬ್ಲಾಕ್ ಮಾಡಿರುವುದರಿಂದ ನಾನು ಹುಡುಕಿದರೆ ಅದು ಸಿಗುವುದೇ ಇಲ್ಲ, ಹಾಗಾಗಿ ಈ ವಿಷಯದಲ್ಲಿ ನಿಮ್ಮ ಕಣ್ಣುಗಳೇ ನನಗೆ ಆಧಾರ.

ಇದನ್ನು ನನ್ನ ಗೋಡೆಯ ಮೇಲೆ ಹಾಕದೆ ಇಲ್ಲಿಯೇ ಏಕೆ ಬರೆಯುತ್ತಿದ್ದೇನೆಂದು ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಇಬ್ಬರು ಪ್ರೀತಿಯಿಂದಲೇ ಆ ಖಾತೆಯ ಸ್ಕ್ರೀನ್‌ಶಾಟ್ ಹಂಚಿಕೊಂಡು “ಇವನಿಂದ ಎಚ್ಚರ” ಎಂದು ಬರೆಯಲು ಹೊರಟಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಚಿತ್ರವನ್ನೋ ಕೊಂಡಿಯನ್ನೋ ಹಂಚಿದರೆ ಎಚ್ಚರಗೊಳ್ಳುವವರಿಗಿಂತ ಕುತೂಹಲದಿಂದ ತೆರೆದು ನೋಡುವವರೇ ಹೆಚ್ಚಾಗುತ್ತಾರೆ. ಎರಡೂ ಖಾತೆಗಳಲ್ಲಿ ಹೆಸರು ಒಂದೇ, ಮುಖವೂ ಒಂದೇ ಆಗಿರುವಾಗ, ಅವಸರದಲ್ಲಿ ನೋಡುವವರು ನಿಜವಾದ ಖಾತೆಯನ್ನೇ ನಕಲಿಯೆಂದು ತಿಳಿದು ದೂರು ಕೊಡುವ ಸಾಧ್ಯತೆಯೂ ಇದೆ. ಇಂಥ ಖಾತೆಗೆ ಇರುವ ಒಂದೇ ಬಂಡವಾಳವೆಂದರೆ “ನಿಮ್ಮಿಬ್ಬರಿಗೂ ಇಷ್ಟು ಮಂದಿ ಪರಿಚಿತರಿದ್ದಾರೆ” ಎಂದು ಹೆಸರಿನ ಕೆಳಗೆ ಕಾಣುವ ಸಂಖ್ಯೆ. ಒಬ್ಬರು ಸ್ವೀಕರಿಸಿದರೆ ಮುಂದಿನವರ ಅನುಮಾನ ಸ್ವಲ್ಪ ಕಡಿಮೆಯಾಗುತ್ತದೆ, ಹತ್ತು ಮಂದಿ ಸ್ವೀಕರಿಸಿದರೆ ಹನ್ನೊಂದನೆಯವರು ಯೋಚಿಸುವುದೇ ಇಲ್ಲ. ಆದ್ದರಿಂದ ನೀವು ಮೌನವಾಗಿ ಅದನ್ನು ಪಟ್ಟಿಯಿಂದ ತೆಗೆಯುವುದು ಹತ್ತು ಬಹಿರಂಗ ಎಚ್ಚರಿಕೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆ ಖಾತೆಯ ಹಿಂದಿರುವವನೊಂದಿಗೆ ಮಾತಿಗೂ ಇಳಿಯಬೇಡಿ. ಬೈದು ಬುದ್ಧಿ ಕಲಿಸುತ್ತೇನೆ, ಸ್ವಲ್ಪ ಆಟವಾಡಿಸುತ್ತೇನೆ ಎನ್ನುವ ಆಸೆ ನನಗೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ಉತ್ತರಿಸಿದರೆ ಆ ಕಡೆ ಒಬ್ಬ ಮನುಷ್ಯ ಓದುತ್ತಿದ್ದಾನೆಂದು ಅವನಿಗೆ ಖಚಿತವಾಗುತ್ತದೆ. ಗುಟ್ಟು ಬಯಲಾಯಿತೆಂದು ತಿಳಿದೊಡನೆ ಅವನು ನಿಮ್ಮನ್ನು ಬ್ಲಾಕ್ ಮಾಡಿ, ನಿಮ್ಮಿಂದ ಆ ಖಾತೆಯ ಮೇಲೆ ದೂರು ಕೊಡುವ ದಾರಿಯನ್ನೇ ಮುಚ್ಚಬಹುದು.

ನಾನು ನಿಮ್ಮಿಂದ ಕೇಳುವುದು ಎರಡು ನಿಮಿಷದ ಕೆಲಸ. ಆ ಖಾತೆ ನಿಮಗೆ ಕಾಣುತ್ತಿದ್ದರೆ, ಮೊದಲು ಅದರ ಪುಟದ ವಿಳಾಸವನ್ನು ನಕಲಿಸಿಕೊಂಡು, ಅದರಿಂದ ಬಂದ ಸಂದೇಶಗಳ ಚಿತ್ರವನ್ನೂ ತೆಗೆದು, ಗುಂಪಿನಲ್ಲಿ ಹಾಕದೆ ನನಗೊಬ್ಬನಿಗೆ ಕಳುಹಿಸಿ. ಖಾತೆ ತೆಗೆದುಹಾಕಿದ ಮೇಲೆ ಅವು ಸಿಗುವುದಿಲ್ಲ, ಮುಂದೆ ಪೊಲೀಸರಿಗೆ ದೂರು ಕೊಡುವುದಾದರೆ ಅವು ಬೇಕಾಗುತ್ತವೆ. ಬಳಿಕ ಆ ಪುಟದಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ ದೂರು ನೀಡುವ ಆಯ್ಕೆಗೆ ಹೋಗಿ, ಬೇರೊಬ್ಬರ ಸೋಗು ಹಾಕಿದ್ದಾರೆ ಎಂಬ ಕಾರಣವನ್ನು ಆರಿಸಿ, ಯಾರ ಸೋಗು ಎಂದು ಕೇಳಿದಾಗ ಸ್ನೇಹಿತರದು ಎಂದು ತಿಳಿಸಿ ನನ್ನ ಹಳೆಯ ಖಾತೆಯನ್ನು ತೋರಿಸಿ. ಕಾರಣವನ್ನು ಸರಿಯಾಗಿ ಆರಿಸುವುದು ಮುಖ್ಯ, ಏಕೆಂದರೆ ಕಿರಿಕಿರಿ ಅಥವಾ ಸ್ಪ್ಯಾಮ್ ಎಂದು ಕೊಟ್ಟ ದೂರಿನಲ್ಲಿ ನಿಜವಾದ ಖಾತೆ ಯಾವುದೆಂಬ ಮಾಹಿತಿಯೇ ಇರುವುದಿಲ್ಲ. ನೂರಾರು ಜನರಿಂದ ದೂರು ಕೊಡಿಸಬೇಕಾಗಿಲ್ಲ. ದೂರುಗಳ ಸಂಖ್ಯೆಯನ್ನು ನೋಡಿ ನಿರ್ಧರಿಸುವುದಿಲ್ಲವೆಂದು ಕಂಪನಿಯೇ ಹೇಳುತ್ತದೆ. ದೂರು ಕೊಟ್ಟಾದ ಮೇಲೆ ಬ್ಲಾಕ್ ಮಾಡಿ, ಅಲ್ಲಿಗೆ ಮರೆತುಬಿಡಿ.

ಸವಿತಾ ಅವರಿಗೆ ಬಂದ ಸಂದೇಶವನ್ನು ನೋಡಿದೆ. ಮೊದಲು “ಹಲೋ ಡಿಯರ್”, ಆಮೇಲೆ ಅವರ ಫೋನ್ ನಂಬರ್ ಕೇಳಿದ್ದು, ಅದಾದ ಮೇಲೆ “ನಿಮಗೊಂದು 6 ಅಂಕಿಯ ಕೋಡ್ ಬಂದಿದೆ, ತಪ್ಪಿ ನಿಮಗೆ ಬಂತು, ಕಳುಹಿಸಿ” ಎಂಬ ಮಾತು. ನಾನು ಸವಿತಾ ಅವರನ್ನಾಗಲಿ ಇನ್ಯಾರನ್ನಾಗಲಿ ಡಿಯರ್ ಎಂದು ಕರೆದವನಲ್ಲವೆಂಬುದು ನಿಮಗೆಲ್ಲ ಗೊತ್ತು. ಅವರಿಗೆ ಅನುಮಾನ ಹುಟ್ಟಿದ್ದೂ ಅಲ್ಲಿಯೇ ಅಂತೆ. ಆ ಕೋಡ್ ವಾಟ್ಸ್ಆ್ಯಪ್‌ನದು. ಅದನ್ನು ಕೊಟ್ಟರೆ ನಿಮ್ಮ ನಂಬರಿನ ವಾಟ್ಸ್ಆ್ಯಪ್ ಅವನ ಫೋನಿನಲ್ಲಿ ತೆರೆದುಕೊಳ್ಳುತ್ತದೆ, ನಾಳೆ ನಿಮ್ಮ ಹೆಸರಿನಿಂದಲೇ ನಿಮ್ಮವರಿಗೆ ಹಣದ ಬೇಡಿಕೆ ಹೋಗುತ್ತದೆ. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ತಡಮಾಡದೆ ನಿಮ್ಮ ಫೋನಿನಲ್ಲಿ ಅದೇ ನಂಬರಿನಿಂದ ಮತ್ತೆ ನೋಂದಾಯಿಸಿ. ಹೊಸ ಕೋಡ್ ಹಾಕಿದೊಡನೆ ಅವನ ಫೋನಿನಲ್ಲಿರುವುದು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟುಕೊಳ್ಳಿ. ಹಣ ಕಳುಹಿಸಿದ್ದರೆ ಮೊದಲು ನಿಮ್ಮ ಬ್ಯಾಂಕಿಗೆ ತಿಳಿಸಿ, ನಂತರ ನನಗೆ ಹೇಳಿ.

ನಾನು ಸಂದೇಶದ ಮೂಲಕ ಹಣ, ಕೋಡ್, ಕಾರ್ಡಿನ ವಿವರ ಯಾವುದನ್ನೂ ಕೇಳುವುದಿಲ್ಲ. “ಫೋನ್ ಕೆಟ್ಟಿದೆ, ಇದು ಹೊಸ ನಂಬರು” ಎಂದು ನನ್ನ ಹೆಸರಿನಲ್ಲಿ ಬಂದರೂ ನಂಬಬೇಡಿ. ಅನುಮಾನವಿದ್ದಾಗ, ಸಂದೇಶದಲ್ಲಿ ಕೊಟ್ಟ ನಂಬರಿಗಲ್ಲ, ನಿಮ್ಮ ಫೋನಿನಲ್ಲಿ ಮೊದಲಿನಿಂದ ಇರುವ ನನ್ನ ನಂಬರಿಗೆ ಕರೆ ಮಾಡಿ ನನ್ನ ದನಿ ಕೇಳಿ. ಅದು ಎಷ್ಟು ಹೊತ್ತಿನಲ್ಲಾದರೂ ಸರಿ.

ಈ ಗುಂಪಿನಲ್ಲಿಲ್ಲದ, ಆದರೆ ನಮ್ಮಿಬ್ಬರಿಗೂ ಪರಿಚಯವಿರುವವರಿಗೆ, ವಿಶೇಷವಾಗಿ ನಮ್ಮ ನಿವೃತ್ತ ಮೇಷ್ಟ್ರುಗಳಿಗೆ, ತಿಳಿಸಬೇಕೆನಿಸಿದರೆ ಫೋನಿನಲ್ಲಿ ಹೇಳುವುದೇ ಮೇಲು. ಬರೆಯಲೇಬೇಕಾದರೆ ಕೊಂಡಿ, ಚಿತ್ರ ಯಾವುದೂ ಇಲ್ಲದ ಈ ಸಾಲುಗಳನ್ನು ಮಾತ್ರ ಕಳುಹಿಸಿ:

“ರಘುನಂದನ ಹೊಸ ಖಾತೆ ತೆರೆದಿಲ್ಲ. ಅವನ ಹೆಸರಿನಲ್ಲಿ ಹೊಸ ಕೋರಿಕೆ ಬಂದರೆ ಸ್ವೀಕರಿಸಬೇಡಿ, ಉತ್ತರಿಸಬೇಡಿ. ಅನುಮಾನವಿದ್ದರೆ ಅವನ ಹಳೆಯ ನಂಬರಿಗೆ ಕರೆ ಮಾಡಿ.”

ನನ್ನ ಕಡೆಯಿಂದಲೂ ದೂರು ಸಲ್ಲಿಸಿದ್ದೇನೆ. ಆ ಖಾತೆ ಮಾಯವಾದ ದಿನ ಇಲ್ಲಿ ಒಂದು ಸಾಲಿನಲ್ಲಿ ತಿಳಿಸುತ್ತೇನೆ. ಅಲ್ಲಿಯವರೆಗೆ ಈ ವಿಷಯದ ಚರ್ಚೆಯನ್ನು ಗುಂಪಿನಲ್ಲಿ ಮುಂದುವರಿಸದೆ, ಹೇಳುವುದೇನಿದ್ದರೂ ನನಗೆ ನೇರವಾಗಿ ಹೇಳಿ.

ನಿಮ್ಮವನೇ ಆದ,
ರಘುನಂದನ