ಸೇರುವ ದಿನ ಮೂರು ವಾರ ಮುಂದೂಡಲು ಕೋರಿಕೆ

ಮೇಡಂ, ನಮಸ್ಕಾರ.

ಅಕೌಂಟ್ಸ್ ವಿಭಾಗದ ಕೆಲಸಕ್ಕೆ ನವೆಂಬರ್ 3ರಂದು ಮಂಗಳೂರು ಆಫೀಸಿಗೆ ಬರಲು ತಿಳಿಸಿದ್ದೀರಿ. ಆಫರ್ ಒಪ್ಪಿ ಸಹಿ ಹಾಕಿದ್ದೇನೆ, ಅದರಲ್ಲಿ ಬದಲಾವಣೆ ಇಲ್ಲ. ದಿನವನ್ನು ಮಾತ್ರ ನವೆಂಬರ್ 24ಕ್ಕೆ ಹಾಕಿಕೊಡಬಹುದೇ?

ತಂಗಿಯ ಮದುವೆ ನವೆಂಬರ್ 16ಕ್ಕೆ ನಿಶ್ಚಯವಾಗಿದೆ, ಬದಿಯಡ್ಕದ ನಮ್ಮ ಮನೆಯಲ್ಲೇ. ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿ ಜಾಸ್ತಿ ನಡೆಯಲು ಆಗುವುದಿಲ್ಲ. ನಮ್ಮ ಕಡೆ ವಾಟ್ಸಾಪಿನಲ್ಲಿ ಕಾಗದ ಕಳಿಸಿದರೆ ಕರೆದ ಹಾಗೆ ಆಗುವುದಿಲ್ಲ, ಅಲ್ವಾ? ಮನೆ ಮನೆಗೆ ಹೋಗಿ ಹೇಳಬೇಕು. ಪೆರ್ಲ, ಕುಂಬಳೆ, ಪುತ್ತೂರು ಅಂತ ನೆಂಟರು ಹರಡಿಕೊಂಡಿದ್ದಾರೆ. ಅಂಗಳದ ಚಪ್ಪರ, ಅಡುಗೆಯವರ ಸಾಮಾನಿನ ಪಟ್ಟಿ ಎಲ್ಲಾ ನನ್ನ ತಲೆಯ ಮೇಲೇ ಇದೆ. ಮನೆಯಲ್ಲಿ ಓಡಾಡುವವನು ನಾನೊಬ್ಬನೇ.

ದಿನ ಮುಂದೂಡುವುದು ಕಷ್ಟವಾದರೆ 3ಕ್ಕೇ ಸೇರುತ್ತೇನೆ. ಆಗ 10ರಿಂದ 19ರವರೆಗೆ ಸಂಬಳವಿಲ್ಲದ ರಜೆ ಕೊಟ್ಟರೆ ಸಾಕು. ತಿಂಗಳ ಕೊನೆಯ ಲೆಕ್ಕ ಮುಗಿಸುವ ಹೊತ್ತಿಗೆ ಹೇಗೂ ಆಫೀಸಿನಲ್ಲಿರುತ್ತೇನೆ.

ಸರ್ಟಿಫಿಕೇಟ್, ಬ್ಯಾಂಕ್ ವಿವರಗಳನ್ನು ಈ ವಾರವೇ ಕಳಿಸುತ್ತೇನೆ. ಹಳೆಯ ಆಫೀಸಿನ ರಿಲೀವಿಂಗ್ ಲೆಟರ್ ಇದರ ಜೊತೆಗಿದೆ. ಒಪ್ಪಿಗೆಯಾದರೆ ಹೊಸ ದಿನ ಹಾಕಿದ ಪತ್ರವನ್ನು ಮೇಲ್ ಮಾಡಿ. ಮಾತಾಡಬೇಕಿದ್ದರೆ ಸಂಜೆ ಐದರ ನಂತರ ಫೋನ್ ಮಾಡಿ. ಹಗಲು ತೋಟದ ಕಡೆ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೇ.

ಇಂತಿ,
ಗಣೇಶ
ಬದಿಯಡ್ಕ, ಕಾಸರಗೋಡು