ವಿಷಯ: ಆರ್ಡರ್ 4471 – ಲೋಡಿಂಗ್‌ಗೆ ಮೊದಲು ಎಸ್‌ಡಿಎಸ್ ಮತ್ತು ಡಿಜಿ ಡಿಕ್ಲರೇಷನ್ ಕಳಿಸಿಕೊಡಿ

ನಮಸ್ಕಾರ ಸರ್,

ನಿನ್ನೆ ಫೋನಿನಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರೆದು ಕಳಿಸುತ್ತಿದ್ದೇನೆ. ಮಾಲು ರೆಡಿ ಇದೆ, 18ಕ್ಕೆ ಕಂಟೇನರ್ ತುಂಬಿಸುತ್ತೇವೆ ಅಂದಿರಿ, ಸಂತೋಷ. ಆದರೆ ಕಾಗದಗಳು ಸರಿ ಇವೆ ಅಂತ ನಾನು ಹೇಳುವವರೆಗೆ ದಯವಿಟ್ಟು ಒಂದು ಡ್ರಮ್ಮನ್ನೂ ಎತ್ತಿಡಬೇಡಿ. ಅಪಾಯಕಾರಿ ಸರಕಿನ ಬುಕಿಂಗ್‌ಗೆ ಹಡಗು ಕಂಪನಿ ಒಪ್ಪುವುದು ಕಾಗದ ನೋಡಿದ ಮೇಲೆಯೇ. ನಮ್ಮ ಫಾರ್ವರ್ಡರ್‌ಗೆ 12ನೇ ತಾರೀಖು ಮಧ್ಯಾಹ್ನದೊಳಗೆ ಎಲ್ಲ ಕೊಡಬೇಕು. 10ಕ್ಕೆ ಸಂಜೆ ನನ್ನ ಕೈ ಸೇರಿದರೆ ಕೂತು ಓದಿ ನೋಡಲು ಒಂದು ದಿನ ಸಿಗುತ್ತದೆ.

ಈ ಆರ್ಡರಿನಲ್ಲಿ ಇರುವುದು ಮೂರು ಮಾಲು: ಐಸೊಪ್ರೊಪನಾಲ್, 200 ಲೀಟರಿನ 20 ಕಬ್ಬಿಣದ ಡ್ರಮ್. ಹೈಡ್ರೋಜನ್ ಪೆರಾಕ್ಸೈಡ್ 50%, 30 ಕೆಜಿಯ 40 ಕ್ಯಾನ್. ಸಿಟ್ರಿಕ್ ಆಸಿಡ್, 25 ಕೆಜಿಯ 20 ಚೀಲ.

ಮೂರಕ್ಕೂ ಬೇರೆ ಬೇರೆ ಎಸ್‌ಡಿಎಸ್ ಬೇಕು. ತಯಾರಕರೇ ಕೊಟ್ಟಿದ್ದು, 16 ಭಾಗವೂ ಇರುವಂಥದ್ದು, ಈಗ ಚಾಲ್ತಿಯಲ್ಲಿರುವ ಆವೃತ್ತಿ. ಹೋದ ವಾರ ನೀವು ಕಳಿಸಿದ ಎರಡು ಫೈಲ್ ನೋಡಿದೆ. ಎರಡರಲ್ಲೂ ತೊಂದರೆ ಇದೆ.

ಪೆರಾಕ್ಸೈಡಿನದು 35% ಮಾಲಿನ ಹಾಳೆ. ನಾವು ಕೊಳ್ಳುತ್ತಿರುವುದು 50%. ಎರಡಕ್ಕೂ ಯುಎನ್ 2014 ತಾನೇ ಅಂತ ನೀವು ಹೇಳಬಹುದು. ನಿಜ, 20ರಿಂದ 60% ತನಕ ಅದೇ ನಂಬರ್. ಆದರೆ 3ನೇ ಭಾಗದಲ್ಲಿ 35 ಅಂತ ಇದ್ದು ಕ್ಯಾನಿನ ಲೇಬಲ್ ಮೇಲೆ 50 ಅಂತ ಇದ್ದರೆ, ತಪಾಸಣೆ ಮಾಡುವವರು ಮುಂದಕ್ಕೆ ಬಿಡುವುದಿಲ್ಲ. ಬಿಡಲೂಬಾರದು.

ಐಸೊಪ್ರೊಪನಾಲ್ ಹಾಳೆಯದು ಇನ್ನೂ ವಿಚಿತ್ರ. 9ನೇ ಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್ 12 ಡಿಗ್ರಿ ಸೆಲ್ಸಿಯಸ್ ಅಂತ ಸರಿಯಾಗಿಯೇ ಬರೆದಿದ್ದಾರೆ. ಸಾಗಣೆಯ 14ನೇ ಭಾಗಕ್ಕೆ ಬಂದರೆ ‘ಅನ್ವಯಿಸುವುದಿಲ್ಲ’! 12 ಡಿಗ್ರಿಗೇ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ಮಾಲಿಗೆ ಅನ್ವಯಿಸದೆ ಇನ್ಯಾವುದಕ್ಕೆ ಅನ್ವಯಿಸಬೇಕು, ಅಲ್ವಾ? ತಯಾರಕರಿಗೆ ಹೇಳಿ ತಿದ್ದಿಸಿ.

ಡಿಕ್ಲರೇಷನ್ ಸರಕು ಕಳಿಸುವವರ ಹೆಸರಿನಲ್ಲೇ ಆಗಬೇಕು, ಅಂದರೆ ಸಹಿ ನಿಮ್ಮದು. ಮೊದಲು ಕರಡು ಕಳಿಸಿ. ಕಂಟೇನರ್ ತುಂಬಿ ಅದರ ನಂಬರ್ ಗೊತ್ತಾದ ಮೇಲೆ ಸಹಿ ಹಾಕಿದ ಪ್ರತಿಯನ್ನೂ, ತುಂಬಿಸಿದವರು ಕೊಡುವ ಪ್ಯಾಕಿಂಗ್ ಸರ್ಟಿಫಿಕೇಟನ್ನೂ ಕಳಿಸಿದರೆ ಸಾಕು. ಮಾಲಿನ ವಿವರ ಇದೇ ಕ್ರಮದಲ್ಲಿ ಇರಲಿ:

```
UN 1219, ISOPROPANOL, 3, PG II
UN 2014, HYDROGEN PEROXIDE, AQUEOUS SOLUTION, 5.1 (8), PG II
```

ಜೊತೆಗೆ ಡ್ರಮ್ ಮತ್ತು ಕ್ಯಾನ್‌ಗಳ ಲೆಕ್ಕ, ಎಂಥ ಪ್ಯಾಕಿಂಗ್, ತೂಕ, ಐಸೊಪ್ರೊಪನಾಲ್‌ಗೆ ಫ್ಲ್ಯಾಶ್ ಪಾಯಿಂಟ್, 24 ಗಂಟೆಯೂ ಎತ್ತುವ ತುರ್ತು ಫೋನ್ ನಂಬರ್. ಸುಮ್ನೆ ಆಫೀಸಿನ ನಂಬರ್ ಹಾಕಬೇಡಿ. ರಾತ್ರಿ 2 ಗಂಟೆಗೆ ಫೋನ್ ಬಂದರೂ ಈ ಮಾಲಿನ ಬಗ್ಗೆ ಗೊತ್ತಿರುವವರು ಎತ್ತಬೇಕು.

ಇನ್ನೊಂದು ದೊಡ್ಡ ವಿಷಯ. ನಿಮ್ಮ ಪ್ಯಾಕಿಂಗ್ ಲಿಸ್ಟಿನಲ್ಲಿ ಮೂರೂ ಮಾಲು ಒಂದೇ 20 ಅಡಿ ಕಂಟೇನರಿನಲ್ಲಿವೆ. ಇದು ಆಗುವುದಿಲ್ಲ. ಒಂದು ಬೆಂಕಿ ಹಿಡಿಯುವ ದ್ರವ, ಇನ್ನೊಂದು ಬೆಂಕಿಗೆ ಆಮ್ಲಜನಕ ಕೊಡುವಂಥದ್ದು. ಐಎಂಡಿಜಿ ಕೋಡಿನ ಪಟ್ಟಿಯಲ್ಲಿ 3 ಮತ್ತು 5.1ಕ್ಕೆ ‘ಸಪರೇಟೆಡ್ ಫ್ರಮ್’ ಅಂತಿದೆ, ಅಂದರೆ ಒಂದೇ ಕಂಟೇನರಿನಲ್ಲಿ ಇಡುವ ಹಾಗಿಲ್ಲ. ನಡುವೆ ಸಿಟ್ರಿಕ್ ಆಸಿಡ್ ಚೀಲ ಪೇರಿಸಿದರೂ ಲೆಕ್ಕಕ್ಕೆ ಬರುವುದಿಲ್ಲ. ಐಸೊಪ್ರೊಪನಾಲ್ ಮತ್ತು ಸಿಟ್ರಿಕ್ ಆಸಿಡ್ ಈ ಸಲ ಬರಲಿ. ಪೆರಾಕ್ಸೈಡಿಗೆ ಬೇರೆ ಕಂಟೇನರ್ ಮಾಡುತ್ತೀರಾ, ಮುಂದಿನ ಸಲ ಕಳಿಸುತ್ತೀರಾ, ತಿಳಿಸಿ. ತಡವಾದರೆ ನಾವು ಸುಧಾರಿಸಿಕೊಳ್ಳುತ್ತೇವೆ.

ಡ್ರಮ್ ಮತ್ತು ಕ್ಯಾನ್ ಮೇಲಿನ ಯುಎನ್ ಗುರುತಿನ ಫೋಟೊ ಬೇಕು, ಹತ್ತಿರದಿಂದ, ಅಕ್ಷರ ಓದುವ ಹಾಗೆ. ಪ್ಲಾಸ್ಟಿಕ್ ಕ್ಯಾನ್ ತಯಾರಾಗಿ 5 ವರ್ಷ ದಾಟಿರಬಾರದು. ಪೆರಾಕ್ಸೈಡ್ ಕ್ಯಾನಿಗೆ ಗಾಳಿ ಹೋಗುವ ಮುಚ್ಚಳವೇ ಇರಲಿ. ಅದು ಒಳಗೇ ಸ್ವಲ್ಪ ಸ್ವಲ್ಪ ಆಮ್ಲಜನಕ ಬಿಡುತ್ತಿರುತ್ತದೆ. ಬಿಗಿ ಮುಚ್ಚಳ ಹಾಕಿದರೆ ಕ್ಯಾನ್ ಉಬ್ಬುತ್ತದೆ.

ಸಿಟ್ರಿಕ್ ಆಸಿಡ್ ಸಾಗಣೆಯ ಮಟ್ಟಿಗೆ ಅಪಾಯಕಾರಿ ಸರಕಲ್ಲ. ಆದರೂ ಎಸ್‌ಡಿಎಸ್‌ನಲ್ಲಿ ಕಣ್ಣಿಗೆ ಉರಿ ಅನ್ನುವ ಎಚ್ಚರಿಕೆ ಚಿಹ್ನೆ ನೋಡಿದ ಕೂಡಲೇ ಕೆಲವರು ತಡೆಯುತ್ತಾರೆ. ‘ಇದು ಡಿಜಿ ಅಲ್ಲ’ ಅಂತ ಲೆಟರ್‌ಹೆಡ್ ಮೇಲೆ ಎರಡು ಸಾಲು ಬರೆದು ಕೊಡಿ.

ಇಷ್ಟೆಲ್ಲ ಜಾಸ್ತಿ ಆಯಿತು ಅನ್ನಿಸಬಹುದು. ಹೋದ ವರ್ಷ ಬೇರೆ ಸಪ್ಲೈಯರ್ ಒಬ್ಬರು ಹಳೇ ಎಸ್‌ಡಿಎಸ್ ಇಟ್ಟು ಕಳಿಸಿದರು. ನಮ್ಮ ಕಂಟೇನರ್ ಬಂದರಿನ ಗೇಟಿನ ಹೊರಗೆ ನಾಲ್ಕು ದಿನ ಬಿಸಿಲಲ್ಲಿ ನಿಂತಿತ್ತು, ಒಳಗೆ ಸಾಲ್ವೆಂಟ್. ಆ ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಯಾವ ಕಾಗದ ಯಾವತ್ತು ಸಿಗುತ್ತದೆ ಅಂತ ನಾಳೆ ಒಂದು ಸಾಲು ಬರೆದು ತಿಳಿಸಿ. ಕಂಟೇನರ್ ವಿಷಯಕ್ಕೆ ಮಾತ್ರ ಇವತ್ತೇ ಫೋನ್ ಮಾಡಿ, ಬುಕಿಂಗ್ ಬದಲಾಯಿಸಬೇಕು.

ವಂದನೆಗಳೊಂದಿಗೆ,
ಖರೀದಿ ವಿಭಾಗ