ಕೌರವೇಂದ್ರನ ಕೊಂದೆ ನೀನು: ಐದು ಅವಧಿಗಳ ಪಾಠಕ್ರಮ

ತರಗತಿ: ಹತ್ತು, ಪ್ರಥಮ ಭಾಷೆ ಕನ್ನಡ. 34 ಮಕ್ಕಳು. ಅವಧಿ 40 ನಿಮಿಷ.
ಪಾಠ: ಕುಮಾರವ್ಯಾಸ ಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಜನ್ಮರಹಸ್ಯ ತಿಳಿಸುವ ಭಾಗ.

ಈ ಪಾಠದಲ್ಲಿ ಮೊದಲು ಓದು, ಆಮೇಲೆ ಅರ್ಥ. ಸಾರಾಂಶ ಹೇಳಿ ಪದ್ಯಕ್ಕೆ ಹೋದರೆ ಮಕ್ಕಳಿಗೆ ಪದ್ಯದ ಅಗತ್ಯವೇ ಉಳಿಯುವುದಿಲ್ಲ. ನಡುಗನ್ನಡ ಕಷ್ಟವೆಂಬ ಭಯವೂ ಬೇಡ. ಗಟ್ಟಿಯಾಗಿ ನಾಲ್ಕು ಸಲ ಓದಿಸಿದರೆ ಅರ್ಧ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಗೈಡು ಐದೂ ಅವಧಿ ಚೀಲದಲ್ಲೇ ಇರಲಿ.

ಮೊದಲನೆಯ ಅವಧಿ: ಕೇಳುವುದು

ಕವಿಪರಿಚಯ ಎರಡೇ ಮಾತಿನಲ್ಲಿ ಮುಗಿಯಲಿ: ಗದುಗಿನ ನಾರಣಪ್ಪ, 15ನೆಯ ಶತಮಾನ, ಭಾಮಿನಿ ಷಟ್ಪದಿ. ಸಂದರ್ಭವೂ ಅಷ್ಟೇ: ಸಂಧಾನ ಮುರಿದಿದೆ, ಕೃಷ್ಣ ಹಸ್ತಿನಾವತಿಯಿಂದ ಹೊರಟಿದ್ದಾನೆ, ಬೀಳ್ಕೊಡಲು ಬಂದ ಕರ್ಣನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಮುಂದೇನಾಯಿತೆಂದು ಹೇಳಬೇಡಿ.

ಪುಸ್ತಕ ಮುಚ್ಚಿಸಿ ಇಡೀ ಭಾಗವನ್ನು ನಿಧಾನವಾಗಿ ವಾಚನ ಮಾಡಿ. ರಾಗ ಬಂದರೆ ಒಳ್ಳೆಯದು, ಬಾರದಿದ್ದರೂ ನಡೆಯುತ್ತದೆ. ಮೂರು–ನಾಲ್ಕು ಮಾತ್ರೆಯ ನಡೆ ತಪ್ಪದಿದ್ದರೆ ಸಾಕು. ಮುಗಿದ ಮೇಲೆ ಒಂದೇ ಪ್ರಶ್ನೆ: ‘ಕಿವಿಯಲ್ಲಿ ಉಳಿದ ಒಂದು ಮಾತು ಹೇಳಿ.’ ಮಕ್ಕಳು ಹೇಳಿದ್ದನ್ನೆಲ್ಲ ಹಲಗೆಯ ಮೇಲೆ ಬರೆಯಿರಿ. ‘ಬಿತ್ತಿದನು ಭಯವ’, ‘ಕೊಂದೆ ನೀನೆಂದ’ ಇವೆರಡು ಸಾಮಾನ್ಯವಾಗಿ ಬರುತ್ತವೆ. ಬಾರದಿದ್ದರೆ ಆ ಪದ್ಯಗಳನ್ನು ಮತ್ತೊಮ್ಮೆ ಓದಿ. ಅರ್ಥ ಕೇಳಿದ ಮಗುವಿಗೆ ‘ನಾಳೆ ನೀನೇ ಹೇಳುತ್ತೀಯ’ ಎಂದಷ್ಟೇ ಉತ್ತರ.

ಎರಡನೆಯ ಅವಧಿ: ಓದುವುದು

ಈ ಪದ್ಯವನ್ನು ಹಲಗೆಯ ಮೇಲೆ ಬರೆಯಿರಿ:

ಮರುಳು ಮಾಧವ ಮಹಿಯ ರಾಜ್ಯದ
ಸಿರಿಗೆ ಸೋಲುವನಲ್ಲ ಕೌಂತೇ
ಯರು ಸುಯೋಧನರೆನಗೆ ಬೆಸಕೈವಲ್ಲಿ ಮನವಿಲ್ಲ
ಹೊರೆದ ದಾತಾರಂಗೆ ಹಗೆವರ
ಶಿರವನರಿದೊಪ್ಪಿಸುವೆನೆಂಬೀ
ಭರದೊಳಿರ್ದೆನು ಕೌರವೇಂದ್ರನ ಕೊಂದೆ ನೀನೆಂದ

ಮೊದಲ ಸಲ ಎಲ್ಲರೂ ಸಾಲಿನ ಕೊನೆಗೆ ನಿಂತು ಓದಲಿ. ‘ಕೌಂತೇ’ ಒಂದು ಕಡೆ, ‘ಯರು’ ಇನ್ನೊಂದು ಕಡೆ ಬಿದ್ದು ಕಿವಿಗೆ ಕಿರಿಕಿರಿಯಾಗುತ್ತದೆ. ಏನು ತಪ್ಪಾಯಿತೆಂದು ಅವರನ್ನೇ ಕೇಳಿ. ಆಮೇಲೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಜೋಡಿಯಲ್ಲಿ ಕೂತು ಸೀಮೆಸುಣ್ಣದ ಗೆರೆ ಹಾಕಲಿ. ‘ಮರುಳು ಮಾಧವ’ ಆದ ಮೇಲೆ ಒಂದು ನಿಲುಗಡೆ. ‘ಸೋಲುವನಲ್ಲ’ ಆದ ಮೇಲೆ ಇನ್ನೊಂದು. ‘ಹೊರೆದ ದಾತಾರಂಗೆ’ಯಿಂದ ‘ಭರದೊಳಿರ್ದೆನು’ವರೆಗೆ ಒಂದೇ ಉಸಿರು. ಕರ್ಣನ ಇಷ್ಟು ದಿನದ ಛಲವೆಲ್ಲ ಆ ಉಸಿರಿನಲ್ಲಿದೆ, ಅದು ‘ಇರ್ದೆನು’ ಎಂಬಲ್ಲಿ ಮುಗಿದುಹೋಗುತ್ತದೆ. ‘ಇದ್ದೇನೆ’ ಅಲ್ಲ, ‘ಇದ್ದೆ’. ಇದನ್ನು ಮಕ್ಕಳೇ ಕಂಡುಕೊಳ್ಳುವವರೆಗೆ ಕಾಯಿರಿ.

ಕೊನೆಯ ಮಾತನ್ನು ಮೂವರು ಮೂರು ಬಗೆಯಲ್ಲಿ ಹೇಳಲಿ: ಸಿಟ್ಟಿನಿಂದ, ಅಳುವಿನಿಂದ, ಎಲ್ಲ ಮುಗಿದವನ ತಣ್ಣನೆಯ ದನಿಯಲ್ಲಿ. ಯಾವುದು ಸರಿ ಎಂದು ತೀರ್ಪು ಕೊಡಬೇಡಿ. ಏಕೆ ಹಾಗೆ ಓದಿದೆ ಎಂದು ಕೇಳಿ, ಕಾರಣ ಪದ್ಯದೊಳಗಿನ ಪದದಿಂದಲೇ ಬರಬೇಕೆಂದು ಹಟ ಹಿಡಿಯಿರಿ. ಎದ್ದು ಓದಲು ಹಿಂಜರಿಯುವ ಮಕ್ಕಳಿಗೆ ಕೂತಲ್ಲೇ, ಜೋಡಿಯಲ್ಲೇ ಓದುವ ಅವಕಾಶವಿರಲಿ.

ಇದೇ ಪದ್ಯದ ಮೊದಲ ಮೂರು ಸಾಲಿಗೆ ಪ್ರಸ್ತಾರ ಮನೆಗೆಲಸ. ಚಪ್ಪಾಳೆ ತಟ್ಟಿ ಓದಿದ ಮಕ್ಕಳಿಗೆ 14, 14, 23 ಮಾತ್ರೆಯ ಲೆಕ್ಕ ಬೇಗ ಕೂರುತ್ತದೆ. ಮೂರನೆಯ ಸಾಲಿನ ಕೊನೆಯ ಅಕ್ಷರವನ್ನು ಗುರು ಎಂದು ಎಣಿಸಲು ನೆನಪಿಸಿ.

ಮೂರನೆಯ ಅವಧಿ: ಅರ್ಥ ಕಟ್ಟುವುದು

ಈ ಅವಧಿಗೆ ಅವಸರ ಬೇಡ. ಉಕ್ಕಿ ಎರಡು ಅವಧಿಯಾದರೂ ಸರಿಯೆ, ಪ್ರಸ್ತಾರದ ಅಭ್ಯಾಸದಿಂದ ಸಮಯ ಕಡ ತನ್ನಿ.

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ

ಎರಡು ಕುರ್ಚಿ ಹಾಕಿ. ಇಬ್ಬರು ಹುಡುಗರು ಕೃಷ್ಣ, ಕರ್ಣರಾಗಿ ಕೂರಲಿ. ಎಷ್ಟು ದೂರ ಕೂರಬೇಕು? ಪದ್ಯದಲ್ಲೇ ಹುಡುಕಲಿ: ‘ತೊಡೆಸೋಂಕಿನಲಿ ಸಾರಿದು’. ತೊಡೆಗೆ ತೊಡೆ ತಾಗುವಷ್ಟು ಹತ್ತಿರ. ಕರ್ಣನೋ ‘ಅಂಜುವೆನು’ ಎನ್ನುತ್ತಾನೆ, ಸಮಾನವಾಗಿ ಕೂರಲು ಹಿಂಜರಿಯುತ್ತಾನೆ. ತನ್ನನ್ನು ಸೂತಪುತ್ರನೆಂದೇ ತಿಳಿದವನ ಅಂಜಿಕೆ ಅದು. ಕುರ್ಚಿಯಲ್ಲಿ ಮುದುರಿ ಕೂತ ಹುಡುಗನನ್ನು ನೋಡಿದ ತರಗತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಈಗ ‘ಮೈದುನತನ’ ಎಂಬಲ್ಲಿ ನಿಲ್ಲಿಸಿ. ನಿಮ್ಮ ಮನೆಯಲ್ಲಿ ಮೈದುನ ಯಾರು? ಕೃಷ್ಣನಿಗೆ ಕುಂತಿ ಏನಾಗಬೇಕು? ಸೋದರತ್ತೆ. ಹಾಗಾದರೆ ಅವಳ ಮಗ? ಗುಟ್ಟು ಬಾಯಿಂದ ಬರುವ ಮುಂಚೆಯೇ ಕೃಷ್ಣನ ನಡವಳಿಕೆಯಲ್ಲಿ ಅದು ಬಯಲಾಗಿದೆ. ಕವಿ ‘ಇನತನೂಜ’ ಎಂದೇ ಶುರು ಮಾಡಿದ್ದಾನೆ: ಸೂರ್ಯನ ಮಗ. ಓದುವ ನಮಗೆ ಗೊತ್ತಿದೆ, ಕರ್ಣನಿಗೆ ಗೊತ್ತಿಲ್ಲ.

ನಂತರ ತರಗತಿ ಗುಂಪುಗಳಾಗಲಿ. ಎಲ್ಲರಿಗೂ ಇದೇ ಪದ್ಯ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಹಲಗೆಯ ಮೂಲೆಯಲ್ಲಿ ನಾಲ್ಕೇ ಪದಗಳಿಗೆ ಅರ್ಥ ಕೊಡಿ: ದೃಗುಜಲ – ಕಣ್ಣೀರು, ಉರವಣಿಸು – ಉಕ್ಕಿಬರು, ಉರುಹು – ಸುಡು, ಅರುಹು – ತಿಳಿಸು. ಉಳಿದದ್ದು ಗುಂಪಿನ ಕೆಲಸ. ಕೇಳಬೇಕಾದ ಪ್ರಶ್ನೆಗಳು: ಅಣ್ಣತಮ್ಮಂದಿರು ಸಿಕ್ಕ ಗಳಿಗೆಯಲ್ಲಿ ಕರ್ಣನ ಮನಸ್ಸಿಗೆ ಮೊದಲು ಬಂದವನು ಯಾರು? ತಾನೇ? ತಾಯಿಯೇ? ‘ಕುರುಪತಿಗೆ ಕೇಡಾದುದು’ ಎನ್ನುತ್ತಾನಲ್ಲ, ಏಕೆ? ಬೆಂಕಿಗೆ ಹೊಗೆಯೇ ಗುರುತು, ಹೊಗೆಯೇ ಕಾಣದ ಬೆಂಕಿಯಿಂದ ಯಾರು ತಪ್ಪಿಸಿಕೊಂಡಾರು? ಕೃಷ್ಣ ಇಲ್ಲಿ ಒಂದಾದರೂ ಸುಳ್ಳು ಹೇಳಿದನೇ?

ಕೊನೆಯ ಪ್ರಶ್ನೆಗೆ ಉತ್ತರ ಬರೆಸಬೇಡಿ. ಅದು ನಾಳೆಗೆ.

ನಾಲ್ಕನೆಯ ಅವಧಿ: ಚರ್ಚೆ

ವಿಷಯ: ‘ಕೌರವೇಂದ್ರನನ್ನು ಕೊಂದವರು ಯಾರು?’ ಕೃಷ್ಣನೇ, ಕರ್ಣನೇ, ಸ್ವತಃ ದುರ್ಯೋಧನನೇ? ಪರ–ವಿರೋಧವೆಂದು ಎರಡು ಬಣ ಮಾಡಿದರೆ ಮಕ್ಕಳು ಗೆಲ್ಲಲು ಮಾತಾಡುತ್ತಾರೆ, ಪದ್ಯ ಮರೆಯುತ್ತದೆ. ದುಂಡಾಗಿ ಕೂರಿಸಿ. ನಿಯಮ ಒಂದೇ: ಮಾತಾಡುವ ಮೊದಲು ಆಧಾರದ ಸಾಲನ್ನು ಗಟ್ಟಿಯಾಗಿ ಓದಬೇಕು.

ಕೃಷ್ಣ ದೇವರು, ಅವನನ್ನು ಹೇಗೆ ಪ್ರಶ್ನಿಸುವುದು ಎಂದು ಯಾರಾದರೂ ಅನ್ನಬಹುದು. ಅದನ್ನು ತಳ್ಳಿಹಾಕಬೇಡಿ. ಕುಮಾರವ್ಯಾಸನೂ ಕೃಷ್ಣಭಕ್ತನೇ, ಭಾರತವನ್ನು ಕೃಷ್ಣಕಥೆಯೆಂದೇ ಹಾಡಿದವನು. ಆದರೂ ‘ಬಿತ್ತಿದನು ಭಯವ’ ಎಂದು ಬರೆಯಲು ಅವನು ಅಳುಕಲಿಲ್ಲ. ಈ ದಿಟ್ಟತನವನ್ನು ಮಕ್ಕಳಿಗೆ ತೋರಿಸಲೇಬೇಕು. ಹೊಲದ ಮನೆಯ ಮಕ್ಕಳಿದ್ದರೆ ‘ಬಿತ್ತುವುದು’ ಏನೆಂದು ಅವರೇ ವಿವರಿಸಲಿ: ಬಿತ್ತಿದ್ದು ಇಂದು ಕಾಣುವುದಿಲ್ಲ, ಬೆಳೆ ಬರುವುದು ಮುಂದೆ, ಯುದ್ಧದಲ್ಲಿ.

ಚರ್ಚೆ ತಣ್ಣಗಾದರೆ ಇದನ್ನು ಎತ್ತಿ: ಪಕ್ಷ ಬಿಡಲಾರೆನೆಂದ ಕರ್ಣನೇ ಕೊನೆಗೆ ‘ವೀರರೈವರ ನೋಯಿಸೆನು’ ಎಂದೂ ಮಾತು ಕೊಡುತ್ತಾನೆ. ಉಪ್ಪಿನ ಋಣ ತೀರಿತೇ, ರಕ್ತದ ಋಣ ಉಳಿಯಿತೇ?

ಐದನೆಯ ಅವಧಿ: ಮತ್ತೆ ಓದುವುದು, ಬರೆಯುವುದು

ಪ್ರತಿ ಗುಂಪು ತನಗಿಷ್ಟವಾದ ಪದ್ಯವನ್ನು ಪುಸ್ತಕ ನೋಡದೆ ವಾಚಿಸಲಿ. ಎರಡನೆಯ ಅವಧಿಯ ಓದಿಗೂ ಇಂದಿನ ಓದಿಗೂ ದನಿ ಎಲ್ಲಿ ಬದಲಾಯಿತು ಎಂದು ಕೇಳುವವರು ಹೇಳಲಿ. ಕಂಠಪಾಠವೂ ಇದರಲ್ಲೇ ಆಗಿಹೋಗುತ್ತದೆ.

ಬರವಣಿಗೆ 15 ನಿಮಿಷ: ‘ರಥದಿಂದಿಳಿದು ಹಿಂತಿರುಗಿದ ಕರ್ಣನನ್ನು ದುರ್ಯೋಧನ, ಕೃಷ್ಣ ಏನೆಂದ ಎಂದು ಕೇಳಿದರೆ ಕರ್ಣ ಏನು ಹೇಳಿಯಾನು?’ ಹತ್ತು ಸಾಲು ಸಾಕು.

ಅಂಕ 10: ವಾಚನಕ್ಕೆ 4, ಪದ್ಯದ ಸಾಲು ಹಿಡಿದು ಮಾತಾಡಿದ್ದಕ್ಕೆ 3, ಬರವಣಿಗೆಗೆ 3. ವಾಚನದಲ್ಲಿ ಕಂಠಕ್ಕೆ ಅಂಕವಿಲ್ಲ, ನಿಲುಗಡೆ ಮತ್ತು ಒತ್ತು ಅರ್ಥಕ್ಕೆ ಹೊಂದಿದೆಯೇ ಎಂಬುದಕ್ಕೆ ಮಾತ್ರ. ಪರೀಕ್ಷೆಯಲ್ಲಿ ಬರುವ ಸಂದರ್ಭ–ಸ್ವಾರಸ್ಯದ ಪ್ರಶ್ನೆಗೆ ಮಾದರಿ ಉತ್ತರ ಬರೆಸಬೇಡಿ. ಚರ್ಚೆಯ ದಿನ ತಾವೇ ಆಡಿದ ಮಾತನ್ನು ಮಕ್ಕಳು ನಾಲ್ಕು ವಾಕ್ಯಕ್ಕೆ ಇಳಿಸಿ ಶನಿವಾರದೊಳಗೆ ತೋರಿಸಲಿ.